ಚರ್ಮಕ್ಕೆ ಹಾಕಿದ ಒತ್ತು ಹೊಲಿಗೆ

ಗೋಪನಕೊಪ್ಪದಲ್ಲಿ ನಲವತ್ತು ವರ್ಷ ಬಟ್ಟೆ ಹೊಲಿದವನು ನಾನು. ಹೊಲಿಗೆ ಒತ್ತಾದಷ್ಟೂ ಗಟ್ಟಿ ಎಂದೇ ನಂಬಿದ್ದೆ. ಹೋದ ವರ್ಷ ನೆರೆಮನೆಯಾಕೆ, ತೀರಿಕೊಂಡ ಗಂಡನ ಚರ್ಮದ ಚೀಲ ತಂದರು. ಮಾಸ್ತರರಾಗಿದ್ದ ಅವರು ದಿನಾ ಸಾಲೆಗೆ ಒಯ್ಯುತ್ತಿದ್ದ ಚೀಲ. ಪಟ್ಟಿಯ ಹೊಲಿಗೆಯಷ್ಟೇ ಬಿಚ್ಚಿತ್ತು.

“ಕಾಕಾ, ಚರ್ಮ ಹೊಲಿಯಾಕ ಬರತೈತೇನ್ರಿ? ಇಲ್ಲಂದ್ರ ಬ್ಯಾಗ್ ರಿಪೇರಿಯವರ ಕಡೆ ಒಯ್ತೇನಿ.”

“ಇಷ್ಟು ವರ್ಷ ಕತ್ತೆ ಕಾದೀನೇನವಾ ನಾನು?”

ಚರ್ಮದ ಸೂಜಿ ನನ್ನಲ್ಲಿರಲಿಲ್ಲ. ಬಟ್ಟೆಯ ಸೂಜಿಯಿಂದಲೇ ಸಣ್ಣ ಸಣ್ಣ ಹೊಲಿಗೆ ಹಾಕಿದೆ. ಸಾಲು ಸೊಟ್ಟಗಾಯಿತು. ಬಿಚ್ಚಿ, ಪಕ್ಕದಲ್ಲೇ ಮತ್ತೆ ಹೊಲಿದೆ. ಬಟ್ಟೆಯಲ್ಲಿ ತೂತು ಕೂಡಿಕೊಳ್ಳುತ್ತದೆ, ಚರ್ಮದಲ್ಲಿ ಹಾಗೇ ಉಳಿಯುತ್ತದೆ. ಎಳೆದು ನೋಡಿದರೆ ತೂತಿನ ಸಾಲಿಗೇ, ಅಂಚೆಚೀಟಿ ಹರಿದಂತೆ, ಪಟ್ಟಿಯ ಜೊತೆ ಚೀಲದ ಅಂಚೂ ಹರಿದು ಬಂತು.

“ಚರ್ಮ ಹಳೇದಾಗಿ ಸತ್ತಿತ್ತವಾ,” ಎಂದು ಸುಳ್ಳು ಹೇಳಿದೆ.

ಆಕೆ ಅಂಚನ್ನು ಸವರಿದರು. “ತಪ್ಪು ನಂದ ಬಿಡ್ರಿ. ಅವರು ಹೋದ ಮ್ಯಾಲೆ ಒಮ್ಮೇನೂ ಎಣ್ಣಿ ಹಚ್ಚಲಿಲ್ಲ.”

ಉದ್ದ ಹೊಲಿಗೆಯನ್ನು, ಹಳೆಯ ತೂತುಗಳಲ್ಲೇ, ಕೈಯಿಂದ ಹಾಕಬೇಕಿತ್ತಂತೆ. ಆಮೇಲೆ ಕೇಳಿ ತಿಳಿದೆ. ಆಕೆ ಈಗಲೂ ತಮ್ಮನ್ನೇ ಬೈದುಕೊಳ್ಳುತ್ತಾರೆ. ದಿನಾ ಎದುರಾಗುತ್ತಾರೆ. ನಿಜ ಹೇಳಲು ನನಗಿನ್ನೂ ಬಾಯಿ ಬಂದಿಲ್ಲ.