ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ

ನಂಜನಗೂಡಿನ ಬಜಾರ್ ಬೀದಿಯ ಮಹಡಿಯೊಂದರ ಮೇಲಿದ್ದ ಸ್ಟುಡಿಯೋದಲ್ಲಿ ನಾನು ಮದುವೆ ವಿಡಿಯೋಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುತ್ತಿದ್ದೆ. ಕ್ಯಾಸೆಟ್ ಹೋಗಿ ಸಿಡಿ ಬಂದಿದ್ದ ಕಾಲ. ಊರಿನ ಅರ್ಧ ಜನರ ಧಾರೆಯನ್ನು ನಾನು ನೋಡಿದ್ದೇನೆ, ಒಬ್ಬರೂ ಊಟಕ್ಕೆ ಕರೆದವರಿಲ್ಲ.

ನಮ್ಮ ಮಾಲೀಕರು ಸ್ಟುಡಿಯೋ ತೆರೆಯುವ ಮೊದಲು ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದವರು. 'ಸೆಕೆಂಡಿಗೆ ಇಪ್ಪತ್ನಾಕು ಚಿತ್ರ, ನಿಮಿಷಕ್ಕೆ ತೊಂಬತ್ತಡಿ ರೀಲು' ಎಂಬುದು ಅವರಿಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತು. ಸಿನಿಮಾದ ಮಟ್ಟಿಗೆ ಅದು ಸರಿಯೇ. ಆದರೆ ಚಲಿಸುವ ಚಿತ್ರ ಎಂದರೆ ಜಗತ್ತಿನಲ್ಲೆಲ್ಲ ಇಪ್ಪತ್ತನಾಲ್ಕೇ ಎಂದು ಅವರು ನಂಬಿದ್ದರು. ಎದುರು ಮಾತಾಡಿದರೆ, 'ನೀನು ಹುಟ್ಟೋಕೆ ಮುಂಚೆ ನಾನು ರೀಲು ಸುತ್ತಿವ್ನಿ ಕಣಮ್ಮ' ಎನ್ನುತ್ತಿದ್ದರು.

ನಾನು ರಜೆಯಲ್ಲಿದ್ದ ವಾರ ತಿ. ನರಸೀಪುರದಿಂದ ಒಂದು ಕೆಲಸ ಬಂದಿತ್ತು. ಬಸ್ ಕಂಡಕ್ಟರ್ ಒಬ್ಬರು ಎದೆನೋವು ಬಂದು ಸತ್ತಿದ್ದರು. ಸಾಯುವ ಹಿಂದಿನ ದಿನ ಅವರ ಹೆಂಡತಿ, ತಮ್ಮನಿಂದ ಬಂದ ಪುಟ್ಟ ಡಿಜಿಟಲ್ ಕ್ಯಾಮೆರಾದಲ್ಲಿ, ಸಂಗಮದ ಮೆಟ್ಟಿಲ ಮೇಲೆ ಅವರು ನಡೆದುಬರುವುದನ್ನು ಹಿಡಿದಿದ್ದರು. ಆಮೇಲೆ ಕ್ಯಾಮೆರಾದ ಕಾರ್ಡು ಕೆಟ್ಟಿತು. ಮೈಸೂರಿನ ಅಂಗಡಿಯೊಂದರವರು ಹೇಗೋ ಹೆಕ್ಕಿ ತೆಗೆದದ್ದು ಬಿಡಿಬಿಡಿ ಚಿತ್ರಗಳನ್ನು, ಸಾಲಾಗಿ ನಂಬರು ಹಾಕಿದ ಸಾವಿರದ ನಾನೂರ ನಲವತ್ತು ಚಿತ್ರಗಳನ್ನು. ಶಬ್ದ ಸಿಗಲಿಲ್ಲ. ಮಾಲೀಕರು ತಾವೇ ಕೂತು, ಸೆಕೆಂಡಿಗೆ ಇಪ್ಪತ್ತನಾಲ್ಕರಂತೆ ಜೋಡಿಸಿ, ಸರಿಯಾಗಿ ಒಂದು ನಿಮಿಷದ ಸಿಡಿ ಮಾಡಿ ಕಳಿಸಿದ್ದರು. ಲೆಕ್ಕ ದುಂಡಗೆ ಬಂದದ್ದಕ್ಕೆ ಅವರಿಗೆ ಖುಷಿಯೂ ಆಗಿತ್ತು.

ನಾನು ಕೆಲಸಕ್ಕೆ ಮರಳಿದ ಮೇಲೆ ಒಂದು ಮಧ್ಯಾಹ್ನ ಆ ಹೆಂಡತಿ ಸಿಡಿ ಹಿಡಿದುಕೊಂಡು ಬಂದರು. ಜೊತೆಗೆ ಅವರ ಅತ್ತೆ, ಮಗನನ್ನು ಕಳೆದುಕೊಂಡ ಮುದುಕಿ. ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು.

'ಇದನ್ನ ಒಂದ್ಸಲ ನೋಡಿ ಮೇಡಂ' ಎಂದರು ಹೆಂಡತಿ. 'ನಮ್ಮೆಜಮಾನ್ರು ಇಂಗೆ ನಡೀತಿರಲಿಲ್ಲ.'

ಹಾಕಿ ನೋಡಿದೆ. ಆ ಮನುಷ್ಯ ಮೆಟ್ಟಿಲು ಹತ್ತಿ ಬರುತ್ತಿದ್ದ. ಬರುತ್ತಲೇ ಇದ್ದ. ಪ್ರತಿ ಹೆಜ್ಜೆಯನ್ನೂ ನೀರೊಳಗಿಂದ ಎತ್ತಿದ ಹಾಗೆ ಎತ್ತುತ್ತಿದ್ದ. ಕ್ಯಾಮೆರಾ ಹತ್ತಿರ ಬಂದಾಗ ಬಲಗೈ ಮೆಲ್ಲಗೆ ಎದೆಗೆ ಹೋಯಿತು, ಅಲ್ಲೇ ನಿಂತಿತು, ಬಾಯಿ ತೆರೆಯಿತು. ಶಬ್ದವಿಲ್ಲ. ಹಿಂದೆ ಹರಿಯುವ ಹೊಳೆ ಕೂಡ ನಿದ್ದೆಗಣ್ಣಿನಲ್ಲಿ ಹರಿಯುವಂತಿತ್ತು. ಸತ್ತವನೊಬ್ಬ ತಾನು ಸಾಯುವುದು ಗೊತ್ತಿದ್ದೂ ನಮ್ಮ ಕಡೆಗೇ ನಡೆದುಬರುತ್ತಿದ್ದಾನೆ ಅನ್ನಿಸಿತು.

'ನೋಡವ್ವ' ಎಂದಿತು ಮುದುಕಿ, ನನ್ನನ್ನು ನೋಡಿಯೇ. 'ಆಗ್ಲೇ ಕಾಲು ಎಳೀತಾವ್ನೆ. ಎದೆ ಹಿಡ್ಕಂಡು ನೋವು ಅಂತಾವ್ನೆ. ಇವ್ಳು ನಗ್ನಗ್ತಾ ಫೋಟೋ ಇಡೀತಾವ್ಳೆ. ಊರೆಲ್ಲ ಅದ್ನೇ ಆಡ್ಕತದೆ.'

ಊರಿನ ಮಾತನ್ನು ಸೊಸೆಯೂ ಅರ್ಧ ನಂಬಿದ್ದರು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಸಿಡಿ ನೋಡಿ ನೋಡಿ, ತಮ್ಮ ಕಣ್ಣಾರೆ ಕಂಡಿದ್ದ ಬೆಳಗನ್ನೇ ಕಳೆದುಕೊಂಡಿದ್ದರು. 'ಇನ್ನೊಂದ್ಸಲ ಹತ್ತಿ ಬನ್ನಿ ಅಂತ ನಾನೇ ಅಂದಿದ್ದು' ಎಂದರು ಕೊನೆಗೆ. 'ಹುಷಾರಿಲ್ದೆ ಇದ್ರೂ ಹತ್ತಿಸಿಬಿಟ್ನಾ?'

ನನಗೆ ಸಿಟ್ಟು ಬಂತು, ಮುದುಕಿಯ ಮೇಲಲ್ಲ, ಆ ದುಂಡು ಲೆಕ್ಕದ ಮೇಲೆ. ಬಿಡಿ ಚಿತ್ರಗಳಿಗೆ ತಮ್ಮದೇ ಆದ ಹೊತ್ತು ಎಂಬುದಿಲ್ಲ. ಕ್ಯಾಮೆರಾ ಸೆಕೆಂಡಿಗೆ ಎಷ್ಟು ಹಿಡಿದಿತ್ತೋ ಅಷ್ಟನ್ನೇ ಸೆಕೆಂಡಿಗೆ ತೋರಿಸಿದರೆ ಮಾತ್ರ ನಡೆದದ್ದು ನಡೆದ ಹಾಗೆ ಕಾಣುತ್ತದೆ. 'ಕ್ಯಾಮೆರಾ ತಂದಿದೀರಾ?' ಎಂದು ಕೇಳಿದೆ. ಹೊಸ ಕಾರ್ಡು ಹಾಕಿದ ಕ್ಯಾಮೆರಾ ಅವರ ಬ್ಯಾಗಿನಲ್ಲೇ ಇತ್ತು. ವಿಡಿಯೋಗೆ ಅದರಲ್ಲಿ ಒಂದೇ ವೇಗ, ಬದಲಾಯಿಸುವ ಗುಂಡಿಯೇ ಇರಲಿಲ್ಲ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳನ್ನು ಹಿಡಿದೆ, ಕಂಪ್ಯೂಟರಿಗೆ ಹಾಕಿ ಬಿಡಿಬಿಡಿ ಚಿತ್ರಗಳಾಗಿ ಬಿಡಿಸಿದೆ. ಮುಳ್ಳು ಹತ್ತು ಸಲ ಜಿಗಿಯುವಷ್ಟರಲ್ಲಿ ಮುನ್ನೂರು ಚಿತ್ರ. ಅಂದರೆ ಸೆಕೆಂಡಿಗೆ ಮೂವತ್ತು. ಸಾವಿರದ ನಾನೂರ ನಲವತ್ತನ್ನು ಮೂವತ್ತರಿಂದ ಭಾಗಿಸಿದರೆ ನಲವತ್ತೆಂಟು ಸೆಕೆಂಡು. ಆತ ನಲವತ್ತೆಂಟು ಸೆಕೆಂಡು ನಡೆದದ್ದನ್ನು ನಾವು ಅರವತ್ತಕ್ಕೆ ಎಳೆದಿದ್ದೆವು.

ಮಾಲೀಕರು ಬಂದು ಬಗ್ಗಿ ನೋಡಿದರು. ಅವರಿಗೆ ಭಾಗಾಕಾರ ಅರ್ಥವಾಯಿತು, ಮುಖ ಸಣ್ಣದಾಯಿತು. ಮುದುಕಿಗೆ ಆಗಲಿಲ್ಲ.

'ಲೆಕ್ಕದಲ್ಲಿ ಏನ್ ಬೇಕಾದ್ರೂ ಮಾಡ್ಬೋದು ಬುಡವ್ವ. ನನ್ ಕಣ್ಣು ಸುಳ್ಳೇಳ್ತದಾ?'

ಕಣ್ಣಿಗೆ ಕಣ್ಣೇ ಸಾಕ್ಷಿ ಹೇಳಬೇಕಿತ್ತು. 'ಅಜ್ಜಿ, ಆ ಬಾಗ್ಲಿಂದ ಇಲ್ಲೀವರ್ಗೂ ಒಂದ್ಸಲ ನಡ್ಕೊಂಡ್ ಬನ್ನಿ' ಎಂದೆ. ಗೊಣಗುತ್ತಲೇ ಎದ್ದಿತು. ಆ ವಯಸ್ಸಿಗೂ ಚುರುಕು ನಡಿಗೆ. ಅದೇ ಕ್ಯಾಮೆರಾದಲ್ಲಿ ಹಿಡಿದು, ಚಿತ್ರಗಳನ್ನು ಬಿಡಿಸಿ, ಮೊದಲು ಇಪ್ಪತ್ತನಾಲ್ಕರಲ್ಲಿ ಓಡಿಸಿದೆ.

ಮುದುಕಿ ಪರದೆಯ ಹತ್ತಿರ ಸರಿಯಿತು. ಅದರೊಳಗೆ ಅದೇ ಸೀರೆಯ ಮುದುಕಿಯೊಂದು ಕಾಲು ಭಾರವಾಗಿ, ಗಾಳಿಯನ್ನು ತಡವುತ್ತ ಬರುತ್ತಿತ್ತು. ಸೆರಗು ಸರಿಮಾಡಲು ಎತ್ತಿದ ಕೈ ಎದೆಯ ಮೇಲೆ ಹೊತ್ತು ಕಳೆಯಿತು. ಥೇಟ್ ಮಗನ ಹಾಗೆ.

'ಯಾರವ್ವ ಅದು' ಎಂದಿತು ಸಣ್ಣ ದನಿಯಲ್ಲಿ. 'ನಾನೂ ಓಗ್ಬುಟ್ಟಿದ್ದೀನಾ?'

ನಾನು ಬೇಗ ಮೂವತ್ತಕ್ಕೆ ಬದಲಾಯಿಸಿದೆ. ಮುದುಕಿ ತನ್ನ ಚುರುಕು ನಡಿಗೆಯಲ್ಲಿ ಬಂದು ನಿಂತದ್ದನ್ನು ನೋಡಿ ಉಸಿರು ಬಿಟ್ಟಿತು. ಆಮೇಲೆ ಕೇಳದೆಯೇ ಮಗನನ್ನು ಹಾಕಿದೆ.

ಆತ ಮೆಟ್ಟಿಲನ್ನು ಸರಸರ ಹತ್ತಿ ಬಂದ. ಜೇಬಿನಲ್ಲಿ ಸೀಟಿಯೂ ಪೆನ್ನೂ ಇವೆಯೇ ಎಂದು ಕಂಡಕ್ಟರುಗಳು ತಟ್ಟಿ ನೋಡುತ್ತಾರಲ್ಲ, ಹಾಗೆ ಎದೆಯ ಜೇಬನ್ನು ಒಮ್ಮೆ ತಟ್ಟಿದ. ಬಾಯಿ ತೆರೆದದ್ದು ನೋವಿಗಲ್ಲ, ನಗುತ್ತಿದ್ದ.

'ಸಾಕು ಬಾರೇ, ಬಸ್ಸು ಒಂಟೋಯ್ತದೆ ಅಂದ್ರು' ಎಂದರು ಹೆಂಡತಿ. 'ಈಗ ಜ್ಞಾಪಕ ಬಂತು. ಅಷ್ಟೇ ಅಂದಿದ್ದು.' ಮುಖ ಮುಚ್ಚಿಕೊಂಡು ಅತ್ತರು. ಅತ್ತೆ ಬೆಂಚಿನ ಆ ತುದಿಯಿಂದ ಸರಿದು ಬಂದು ಅವರ ಬೆನ್ನ ಮೇಲೆ ಕೈಯಿಟ್ಟಿತು. ಕ್ಷಮೆ ಗಿಮೆ ಏನೂ ಕೇಳಲಿಲ್ಲ, ಆ ಕೈ ತೆಗೆಯಲೂ ಇಲ್ಲ.

ಮಾಲೀಕರು ಹೊಸ ಸಿಡಿಯನ್ನು ತಾವೇ ಕವರಿಗೆ ಹಾಕಿಕೊಟ್ಟರು. ಹಳೆಯದನ್ನು ಮುರಿಯಲು ನಾನು ಕೈಗೆತ್ತಿಕೊಂಡೆ. ಆಗ ಮುದುಕಿ ನನ್ನ ಮಣಿಕಟ್ಟು ಹಿಡಿಯಿತು.

'ಅದ್ನೂ ಕೊಡವ್ವ.'

'ಅದು ಸುಳ್ಳು ಅಜ್ಜಿ. ಅವ್ರು ಹಂಗೆ ನಡೆದೇ ಇಲ್ಲ.'

'ಗೊತ್ತಾಯ್ತು ಕಣವ್ವ. ಅದ್ರಲ್ಲಿ ಇನ್ನೊಂದಷ್ಟೊತ್ತು ಇರ್ತಾನಲ್ಲ.'

ಹನ್ನೆರಡು ಸೆಕೆಂಡು ಹೆಚ್ಚು. ನಾನು ಸೊಸೆಯ ಮುಖ ನೋಡಿದೆ. ಅವರು ಕಣ್ಣೊರೆಸಿಕೊಂಡು, ಸಿಡಿಯನ್ನು ನನ್ನ ಕೈಯಿಂದ ತೆಗೆದು ಅತ್ತೆಯ ಚೀಲದೊಳಗಿಟ್ಟರು.

'ಇಟ್ಕಳಿ ಅತ್ತೆ' ಎಂದರು. 'ನಾನು ಮನೇಲಿದ್ದಾಗ ಮಾತ್ರ ಹಾಕ್ಬೇಡಿ.'