ಸೊಂಟದ ಚೆಂಡಿನ ಮೇಲೊಂದು ಕಪ್ಪು ಗೆರೆ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಕ್ಸ್‌ರೇ ವಿಭಾಗದ ಡಾಕ್ಟರಿಗೆ ಅದು ಒಪ್ಪುವ ಗುಣವಲ್ಲ. ರೋಗಿಯನ್ನು ಮುಟ್ಟುವವರು, ಕೊಯ್ಯುವವರು, ಕೈಮುಗಿಸಿಕೊಳ್ಳುವವರು ಬೇರೆ. ನಾವು ಕತ್ತಲೆ ಕೋಣೆಯಲ್ಲಿ ಕೂತು ಫಿಲ್ಮ್ ನೋಡಿ ನಾಲ್ಕು ಸಾಲು ಬರೆದು ಕಳಿಸುವವರು. ಆ ನಾಲ್ಕು ಸಾಲನ್ನು ಓದದೆ ಫಿಲ್ಮನ್ನಷ್ಟೇ ಎತ್ತಿಕೊಂಡು ಹೋಗುವ ಮೂಳೆ ಡಾಕ್ಟರುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಶಿವಾಜಿನಗರ ಬಸ್‌ಸ್ಟ್ಯಾಂಡಿನಿಂದ ನಡೆದೇ ಬರಬಹುದಾದ ಆಸ್ಪತ್ರೆ ನಮ್ಮದು. ಹಲಸೂರಿನ ಮನೆಯಿಂದ ನಾನು ಸ್ಕೂಟರಿನಲ್ಲಿ ಬರುತ್ತಿದ್ದೆ. ವಾರಕ್ಕೊಂದು ಬೆಳಿಗ್ಗೆ ಮೂಳೆ ವಿಭಾಗದವರು ನಮ್ಮ ಕೋಣೆಗೆ ಬಂದು, ಆಪರೇಷನ್ನಿಗೆ ನಿಂತವರ ಫಿಲ್ಮುಗಳನ್ನೆಲ್ಲ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ತೀರ್ಮಾನ ಮಾಡುತ್ತಿದ್ದರು. ಅವರ ಮುಖ್ಯಸ್ಥರು ರಿಚರ್ಡ್ಸ್ ಟೌನಿನವರು. ಮನೆಮಾತು ತಮಿಳು, ಬೈಗುಳ ಇಂಗ್ಲಿಷು, ರೋಗಿಗಳ ಹತ್ತಿರ ಮಾತ್ರ ಬೆಣ್ಣೆಯಂಥ ಕನ್ನಡ. ಕೈ ಬಹಳ ಒಳ್ಳೆಯದು. ತಮ್ಮ ಕಣ್ಣಿನ ಮೇಲೂ ಅಷ್ಟೇ ನಂಬಿಕೆ, ತೊಂದರೆ ಇದ್ದದ್ದು ಅಲ್ಲಿ.

ಆ ದಿನ ಅವರು ಸಿಕ್ಕಿಸಿದ್ದು ಒಬ್ಬ ಕಲ್ಲು ಹಾಸುವವನ ಸೊಂಟದ ಫಿಲ್ಮು. ಕಲಬುರಗಿ ಕಡೆಯವನು, ಮೂವತ್ತು ದಾಟಿರಲಿಲ್ಲ. ಕೃಷ್ಣರಾಜಪುರದ ಒಂದು ವಠಾರದಲ್ಲಿ ಗಂಡ ಹೆಂಡತಿ ಬಾಡಿಗೆಗಿದ್ದರು. ಹೊಸ ಮನೆಗಳಿಗೆ ಶಹಾಬಾದ್ ಕಲ್ಲು ಹಾಸುವುದು ಅವನ ಕಸುಬು. ಕಲ್ಲಿನ ಧೂಳಿಗೆ ದಮ್ಮು ಹತ್ತಿ, ಮೆಡಿಕಲ್ ಶಾಪಿನವನು ಕೊಟ್ಟ ಸಣ್ಣ ಬಿಳಿ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದ್ದ. ಅದು ಸ್ಟೀರಾಯ್ಡ್. ಉಸಿರು ಹಗುರಾಯಿತು, ಆದರೆ ತೊಡೆಮೂಳೆಯ ತುದಿಯಲ್ಲಿರುವ ಚೆಂಡಿಗೆ ರಕ್ತ ಹೋಗುವುದು ನಿಂತು ಅದರ ಒಂದು ಭಾಗ ಒಳಗೇ ಸತ್ತಿತ್ತು. ಮೊದಮೊದಲು ಮಂಡಿ ನೋವು ಎಂದು ಹೇಳಿಕೊಂಡು ಬಂದನಂತೆ. ಸೊಂಟದ ಕೀಲು ಕೆಟ್ಟಾಗ ನೋವು ಎಷ್ಟೋ ಸಲ ಮಂಡಿಯಲ್ಲೇ ಕಾಣಿಸುತ್ತದೆ. ಮೂರು ಕಡೆ ಮಂಡಿಯ ಎಕ್ಸ್‌ರೇ ತೆಗೆದು ಏನೂ ಇಲ್ಲ ಎಂದು ಕಳಿಸಿದ್ದರು.

ಈ ಕಾಯಿಲೆಯಲ್ಲಿ ಎಲ್ಲವೂ ನಿಂತಿರುವುದು ಹಂತದ ಮೇಲೆ. ಮೊದಲನೆಯದರಲ್ಲಿ ಎಕ್ಸ್‌ರೇಗೆ ಏನೂ ಕಾಣುವುದಿಲ್ಲ, ಎಂಆರ್‌ಐಗೆ ಮಾತ್ರ ಗೊತ್ತಾಗುತ್ತದೆ. ಎರಡನೆಯದರಲ್ಲಿ ಚೆಂಡಿನೊಳಗೆ ಬಿಳಿ ಕಪ್ಪು ಮಚ್ಚೆ ಬಿದ್ದಿರುತ್ತವೆ, ಆದರೆ ಚೆಂಡು ಇನ್ನೂ ಗುಂಡಗಿರುತ್ತದೆ. ಮೂರನೆಯದರಲ್ಲಿ ಮೇಲ್ಪದರದ ಕೆಳಗೆ ಸತ್ತ ಮೂಳೆ ಮುರಿದು, ಬಿದಿಗೆ ಚಂದ್ರನ ಹಾಗೆ ಒಂದು ಕಪ್ಪು ಗೆರೆ ಮೂಡುತ್ತದೆ. ಆಮೇಲೆ ಚೆಂಡು ಚಪ್ಪಟೆಯಾಗುತ್ತದೆ. ನಾಲ್ಕನೆಯದಕ್ಕೆ ಚೆಂಡು ಕೂರುವ ಬಟ್ಟಲೂ ಸವೆದು ಕೀಲೇ ಹಾಳು. ಚೆಂಡು ಗುಂಡಗಿರುವಾಗ, ಮೂಳೆ ಕೊರೆದು ಒಳಗಿನ ಒತ್ತಡ ಇಳಿಸುವಂಥ, ಅದನ್ನು ಉಳಿಸಿಕೊಳ್ಳುವ ದಾರಿಗಳಿವೆ. ಕಪ್ಪು ಗೆರೆ ಮೂಡಿದ ಮೇಲೆ ಆ ದಾರಿಗಳು ಹೆಚ್ಚಾಗಿ ಮುಚ್ಚಿಹೋಗುತ್ತವೆ.

ಅವನ ಫಿಲ್ಮಿನಲ್ಲಿ ಗೆರೆ ಇತ್ತು. ನೇರವಾಗಿ ಮಲಗಿಸಿ ತೆಗೆದದ್ದರಲ್ಲಿ ಬರೀ ಮಚ್ಚೆ. ಮಂಡಿ ಮಡಿಸಿ ಕಾಲನ್ನು ಹೊರಗೆ ಅಗಲಿಸಿ ತೆಗೆದದ್ದರಲ್ಲಿ ಬಲಗಡೆಯ ಚೆಂಡಿನ ನೆತ್ತಿಗೆ ಸರಿಯಾಗಿ ಬಾಗಿದ ಕಪ್ಪು ಗೆರೆ.

"ಸ್ಟೇಜ್ ತ್ರೀ. ಫಿನಿಶ್," ಎಂದರು ಮುಖ್ಯಸ್ಥರು. "ಡ್ರಿಲ್ ಮಾಡಿ ಪ್ರಯೋಜನ ಇಲ್ಲ. ಚೆಂಡು ತೆಗೆದು ಹೊಸಾದು ಹಾಕೋಣ."

ಹೊಸ ಕೀಲು ಹಾಕಿದರೆ ನೋವು ಹೋಗುತ್ತದೆ, ನಿಜ. ಆದರೆ ಕುಕ್ಕರುಗಾಲಲ್ಲಿ ಕೂರಬಾರದು, ಚಕ್ಕಳಮಕ್ಕಳ ಹಾಕಬಾರದು, ಕೀಲು ಜಾರೀತು ಎಂದು ಆ ಕಾಲದಲ್ಲಿ ಕಟ್ಟಪ್ಪಣೆ ಮಾಡುತ್ತಿದ್ದೆವು. ಈ ವಯಸ್ಸಿಗೆ ಹಾಕಿದ್ದು ಸವೆದು, ಮುಂದೆ ಮತ್ತೆ ಕೊಯ್ಯುವುದೂ ತಪ್ಪುತ್ತಿರಲಿಲ್ಲ. ಅವನನ್ನು ಒಳಗೆ ಕರೆದು ಇದನ್ನೆಲ್ಲ ಹೇಳಿದಾಗ ಅವನು ಊರುಗೋಲು ಹಿಡಿದುಕೊಂಡೇ ಕೇಳಿದ.

"ನಿಂತ್ಕೊಂಡು ಕಲ್ಲ ಹಾಸ್ಲಿಕ್ಕೆ ಬರ್ತದೇನ್ರಿ ಸಾಹೇಬ್ರ? ಕುಂದ್ರಲಿಲ್ಲಂದ್ರ ನಾ ಏನ್ ಮಾಡಿ ತಿನ್ಲಿ?"

ಆ ವಠಾರದಲ್ಲಿ ಹತ್ತು ಮನೆಗೆ ಸೇರಿ ಇದ್ದ ಕಕ್ಕಸ್ಸೂ ಕುಕ್ಕರುಗಾಲಿನದೇ ಎಂದು ಅವನ ಹೆಂಡತಿ ನನಗೆ ಆಮೇಲೆ ಹೇಳಿದಳು. ಅವನ ಮಾತಿಗೇ ನನಗೆ ಸಂಕಟವಾಗಿತ್ತು, ಸಂಕಟವಾದರೆ ನನಗೆ ಸಿಟ್ಟೇ ಬರುವುದು.

ಫಿಲ್ಮನ್ನು ಕಿತ್ತುಕೊಂಡು ಜೋರು ಬೆಳಕಿಗೆ ಹಿಡಿದೆ. ನನ್ನ ಕಣ್ಣಿಗೆ ಆ ಗೆರೆ ಚೆಂಡಿನ ಒಳಗೆ ಇರಲಿಲ್ಲ. ಚೆಂಡಿನ ಬಿಳಿ ಅಂಚು ಗೆರೆಯ ಕೆಳಗಿತ್ತು. ಮೂಳೆ ಮುರಿದು ಮೂಡಿದ ಗೆರೆಯಾದರೆ ಅಂಚು ಅದರ ಮೇಲೆ ಇರಬೇಕು. ಇದು ಚೆಂಡಿಗೂ ಬಟ್ಟಲಿಗೂ ನಡುವೆ, ಕೀಲಿನ ಸಂದಿಯಲ್ಲಿತ್ತು.

"ಸರ್, ಇದು ಮೂಳೆಯಲ್ಲಿಲ್ಲ," ಎಂದೆ.

"ಏನಮ್ಮಾ, ಮೂವತ್ತು ವರ್ಷದಿಂದ ಸೊಂಟ ನೋಡ್ತಿದೀನಿ," ಎಂದರು.

"ಹೊರಗಿಂದ ನೋಡ್ತಿದೀರಿ ಸರ್. ಒಳಗಿಂದ ನೋಡೋದು ನನ್ನ ಕೆಲಸ."

ಅವರು ಕನ್ನಡಕ ತೆಗೆದು ಒರೆಸಿ, ಮಧ್ಯಾಹ್ನದೊಳಗೆ ತೋರಿಸು ಎಂದು ಹೇಳಿ ಎದ್ದುಹೋದರು.

ನಾನು ಎಕ್ಸ್‌ರೇ ತೆಗೆದ ಟೆಕ್ನಿಶಿಯನ್ನನನ್ನು ಹಿಡಿದೆ. "ಕಾಲು ಅಗಲಿಸೋಕೇ ಆಗ್ಲಿಲ್ಲ ಮೇಡಂ, ಅಷ್ಟು ನೋವು. ಅವರ ಮನೆಯವರಿಗೆ ಏಪ್ರನ್ ಹಾಕಿ ಹಿಡ್ಕೊಳ್ಳೋಕೆ ಹೇಳ್ದೆ," ಎಂದ. ನಮ್ಮಲ್ಲಿ ಅದೇ ರೂಢಿ. ಕಾಲು ಹಿಡಿಯಲು ಯಾರೂ ಇಲ್ಲದಿದ್ದರೆ ಜೊತೆಗೆ ಬಂದವರಿಗೆ ಸೀಸದ ಏಪ್ರನ್ ಹಾಕಿ ನಿಲ್ಲಿಸುವುದು.

ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಹೇಗೆ ಹಿಡಿದಿದ್ದೆ ಎಂದು ಕೇಳಿದೆ. ತಪ್ಪಾಯಿತೇನೋ ಎಂದು ಅವಳಿಗೆ ಹೆದರಿಕೆ.

"ಬಿಟ್ರ ಕಾಲು ಹೊಳ್ಳಿ ಮುಚ್ಕೊಳ್ಳಾಕ ಹತ್ತಿತ್ರಿ ಮೇಡಮ್ರಿ. ಅದಕ್ಕ ಮಂಡಿಗೆ ಎರಡೂ ಕೈ ಹಾಕಿ ನನ್ ಕಡೆ ಜಗ್ಗಿ ಹಿಡ್ದಿನ್ರಿ. ಜೋರ ಜಗ್ಗಿನ್ರಿ."

ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಕೀಲನ್ನು ಎಳೆದು ಹಿಡಿದರೆ ಸಂದಿ ತುಸು ಅಗಲವಾಗಿ, ಒಳಗಿನ ದ್ರವದಿಂದ ಗಾಳಿ ಬಿಟ್ಟುಕೊಂಡು ಅಲ್ಲಿ ಕಪ್ಪು ಗೆರೆ ಕಾಣಬಹುದು. ಬೆರಳು ನೆಟಿಕೆ ತೆಗೆದಾಗ ಆಗುವುದೂ ಅದೇ ಜಾತಿಯದು. ಅದು ಕಾಯಿಲೆಯಲ್ಲ. ಅವಳು ಪ್ರೀತಿಯಿಂದ ಜಗ್ಗಿದ್ದಕ್ಕೆ ಗಂಡ ಮೂರನೇ ಹಂತಕ್ಕೆ ಏರಿಬಿಟ್ಟಿದ್ದ!

ಮಂಡಿಯ ಕೆಳಗೆ ದಿಂಬು ಕೊಟ್ಟು, ಯಾರೂ ಎಳೆಯದಂತೆ, ನೋವು ತಡೆಯುವಷ್ಟೇ ಕಾಲು ಅಗಲಿಸಿ ಮತ್ತೊಂದು ಫಿಲ್ಮ್ ತೆಗೆಸಿದೆ. ಗೆರೆ ಮಾಯ. ಒದ್ದೆ ಫಿಲ್ಮನ್ನೇ ಹಿಡಿದುಕೊಂಡು ಮುಖ್ಯಸ್ಥರ ಕೋಣೆಗೆ ಓಡಿದೆ, ನೀರು ಸೀರೆಯ ಮೇಲೆಲ್ಲ ತೊಟ್ಟಿಕ್ಕುತ್ತಿತ್ತು.

ಅವರು ಬಹಳ ಹೊತ್ತು ನೋಡಿದರು. "ಎಳೆದ್ರೆ ನಿಜವಾದ ಬಿರುಕೂ ಬಾಯಿ ಬಿಡತ್ತೆ. ಬಿಟ್ರೆ ಮುಚ್ಕೊಳ್ಳತ್ತೆ. ಇದನ್ನ ನಂಬಿ ನಾನು ಡ್ರಿಲ್ ಮಾಡಿ, ನಾಳೆ ಚೆಂಡು ಕುಸಿದ್ರೆ?"

ನನಗೆ ಮತ್ತೆ ಸಿಟ್ಟು ಬಂತು, ಏಕೆಂದರೆ ಅವರು ಹೇಳಿದ್ದು ಸರಿಯಾಗಿತ್ತು. ಮುರಿತ ಇದೆಯೋ ಇಲ್ಲವೋ ಎಂಬುದನ್ನು ಸಣ್ಣ ಸಣ್ಣ ಹೋಳಿನ ಸಿಟಿ ಸ್ಕ್ಯಾನ್ ಹೇಳುತ್ತದೆ. ಸತ್ತ ಭಾಗ ಎಷ್ಟು ದೊಡ್ಡದು ಎಂಬುದನ್ನು ಎಂಆರ್‌ಐ ಹೇಳುತ್ತದೆ. ಎರಡೂ ಆಗಲಿ ಎಂದು ಇಬ್ಬರೂ ಒಪ್ಪಿದೆವು.

ಸಿಟಿ ನಮ್ಮಲ್ಲೇ ಮಾಡಿದೆ. ಹೋಳು ಹೋಳಾಗಿ ನೋಡಿದೆ, ಮೇಲ್ಪದರ ಎಲ್ಲೂ ಮುರಿದಿರಲಿಲ್ಲ. ಎಂಆರ್‌ಐ ಯಂತ್ರ ಆಗ ಊರಿನಲ್ಲಿ ಬೆರಳೆಣಿಕೆಯಷ್ಟು ಕಡೆ ಮಾತ್ರ ಇತ್ತು. ಬೇರೆ ಕಡೆಗೆ ಕಳಿಸಿ, ಎರಡೂ ಸೊಂಟ ತೆಗೆಯಿರಿ ಎಂದು ನಾನೇ ಫೋನಿನಲ್ಲಿ ಹೇಳಿದೆ. ಸ್ಟೀರಾಯ್ಡಿನಿಂದ ಬಂದದ್ದು ಒಂದೇ ಕಡೆ ಸುಮ್ಮನಿರುವುದು ಅಪರೂಪ. ಬಲಗಡೆ ಚೆಂಡಿನ ಮೇಲ್ಭಾಗದ ಮುಂದುಗಡೆ, ಕಪ್ಪು ಗಡಿ ಹಾಕಿಕೊಂಡಂತೆ ಸತ್ತ ಭಾಗ. ಅದು ಚೆಂಡಿನ ಮೂರನೇ ಒಂದು ಪಾಲಿಗಿಂತ ಚಿಕ್ಕದು. ನೋವೇ ಇಲ್ಲದ ಎಡಗಡೆಯಲ್ಲೂ ಒಂದು ಸಣ್ಣ ಗುರುತು. ಎರಡೂ ಚೆಂಡುಗಳು ಗುಂಡಗಿದ್ದವು.

ವರದಿಯನ್ನು ನಾನು ಕಳಿಸಲಿಲ್ಲ, ಅವರ ಎದುರಿಗೆ ನಿಂತು ಓದಿದೆ. ಅವರು ಕೊನೆವರೆಗೂ ಕೇಳಿ, "ಸ್ಟೇಜ್ ಟೂ. ನೀನು ಗೆದ್ದೆ," ಎಂದರು. "ಆದ್ರೆ ಥಿಯೇಟರಿಗೆ ನೀನೂ ಬರ್ಬೇಕು. ಆ ಸತ್ತ ಜಾಗ ಎಲ್ಲಿದೆ ಅಂತ ನೀನೇ ತೋರ್ಸು."

ಹೋದೆ. ಜೀವಮಾನದಲ್ಲಿ ಅಷ್ಟು ಜಂಬ ಪಟ್ಟದ್ದು ಇನ್ನೊಂದಿಲ್ಲ. ತೊಡೆಯ ಪಕ್ಕದಿಂದ ಒಂದು ತಂತಿಯನ್ನು ಮೂಳೆಯ ಕುತ್ತಿಗೆಯೊಳಗೆ ಹಾಯಿಸಿ, ಎರಡು ದಿಕ್ಕಿನಿಂದ ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾ ಅದನ್ನು ಸತ್ತ ಭಾಗಕ್ಕೆ ಮುಟ್ಟಿಸಿದರು. "ಇನ್ನೂ ಮುಂದೆ ಸರ್," ಎಂದೆ ನಾನು. "ಸಾಕು, ಇನ್ನು ಹೋದ್ರೆ ಮೇಲ್ಪದರ ತೂತು," ಎಂದರು ಅವರು. ಆ ತಂತಿಯ ದಾರಿಯಲ್ಲೇ ಮೂಳೆ ಕೊರೆದು ಒತ್ತಡ ಇಳಿಸಿ, ಸತ್ತದ್ದನ್ನು ಕೆರೆದು ತೆಗೆದು, ಅವನದೇ ಮೊಣಕಾಲ ಕೆಳಗಿನ ಸಣ್ಣ ಎಲುಬಿನ ಒಂದು ತುಂಡನ್ನು ಆಸರೆಗೆ ಊರಿದರು. ಚೆಂಡು ಅವನದೇ ಉಳಿಯಿತು.

ಅಲ್ಲಿಗೆ ಮುಗಿಯಲಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಎಷ್ಟೋ ಚೆಂಡುಗಳು ಕುಸಿಯುತ್ತವೆ ಎಂದು ಮುಖ್ಯಸ್ಥರು ಗಂಡ ಹೆಂಡತಿ ಇಬ್ಬರಿಗೂ ಬಿಡಿಸಿ ಹೇಳಿದ್ದರು. ವಾರಗಟ್ಟಲೆ ಆ ಕಾಲು ನೆಲಕ್ಕೆ ಊರುವಂತಿರಲಿಲ್ಲ, ಆಮೇಲೆ ತಿಂಗಳುಗಟ್ಟಲೆ ಅರ್ಧಂಬರ್ಧ. ದಮ್ಮಿನ ಡಾಕ್ಟರು ಮಾತ್ರೆಯನ್ನು ನಿಧಾನಕ್ಕೆ ಇಳಿಸಿ, ಉಸಿರಿನಲ್ಲಿ ಎಳೆದುಕೊಳ್ಳುವ ಪಂಪು ಕೊಟ್ಟರು. ಅವನು ಮಾಸ್ಕ್ ಕಟ್ಟಿಕೊಳ್ಳಲು ಕಲಿತ. ಹೆಂಡತಿ ಎರಡು ಮನೆಯ ಕೆಲಸ ಹಿಡಿದಳು. ಪ್ರತಿ ಸಲ ಅವನು ಫಿಲ್ಮಿಗೆ ಬಂದಾಗ ಚೆಂಡಿನ ಅಂಚಿನ ಮೇಲೆ ಪೆನ್ಸಿಲಿನ ಹಿಂಬದಿ ಓಡಿಸಿ, ಎಲ್ಲಾದರೂ ತಗ್ಗಿದೆಯಾ ಎಂದು ಹುಡುಕುತ್ತಿದ್ದೆ. ಎಡಗಡೆಯದನ್ನೂ ಬಿಡುತ್ತಿರಲಿಲ್ಲ. ಅದು ಅಲ್ಲೇ ತಣ್ಣಗೆ ಕೂತಿತ್ತು.

ಎರಡು ವರ್ಷ ಕಳೆದ ಮೇಲಿನ ಫಿಲ್ಮಿನಲ್ಲೂ ಚೆಂಡು ಗುಂಡಗಿತ್ತು. ಕೀಲಿನ ಸಂದಿ ಅಗಲವಾಗಿ, ಚೊಕ್ಕವಾಗಿತ್ತು. ಊರಿದ ಎಲುಬು ಸುತ್ತಲಿನ ಮೂಳೆಯೊಂದಿಗೆ ಬೆಸೆದುಹೋಗಿತ್ತು. ಮುಖ್ಯಸ್ಥರನ್ನು ನಮ್ಮ ಕೋಣೆಗೇ ಕರೆಸಿದೆ. ಅವರು ಅವನ ಕಾಲನ್ನು ಮಡಿಸಿ, ತಿರುಗಿಸಿ, ಅಗಲಿಸಿ ನೋಡಿದರು.

"ನೋವಿದ್ಯೇನಪ್ಪಾ?"

"ಇಲ್ರಿ ಸಾಹೇಬ್ರ."

"ಹಾಗಾದ್ರೆ ಕೂತ್ಕೋ ನೋಡೋಣ."

ಅವನು ಸ್ಟೂಲಿನ ಕಡೆ ತಿರುಗಿದ. "ಅಲ್ಲಲ್ಲ, ಕೆಳಗೆ," ಎಂದರು ಅವರು. ಅವನು ಹೆಂಡತಿಯ ಮುಖ ನೋಡಿದ. ಲುಂಗಿ ಮೇಲಕ್ಕೆ ಕಟ್ಟಿ, ಗೋಡೆಗೆ ಒಂದು ಕೈ ಕೊಟ್ಟು, ನಿಧಾನಕ್ಕೆ ಇಳಿದ. ಅರ್ಧಕ್ಕೆ ಒಮ್ಮೆ ನಿಂತ. ಗೋಡೆಯಿಂದ ಕೈ ತೆಗೆದು ಪೂರ್ತಿ ಕುಕ್ಕರುಗಾಲಲ್ಲಿ ಕೂತ, ಎರಡೂ ಹಿಮ್ಮಡಿ ನೆಲಕ್ಕೆ ಊರಿದ್ದವು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ, ಮುಖ್ಯಸ್ಥರು ಫಿಲ್ಮಿನ ಕಡೆ ತಿರುಗಿ ನಿಂತರು.

ಅವನಿಗೆ ನಮ್ಮ ಯಾರ ಮೇಲೂ ಗಮನವಿರಲಿಲ್ಲ. ಮುಂದಿದ್ದ ನೆಲಗಲ್ಲನ್ನು ಬೆರಳ ಗೆಣ್ಣಿನಿಂದ ಕುಟ್ಟಿದ. ಕಿವಿ ಕೊಟ್ಟು ಕೇಳಿದ. ಕೂತಲ್ಲೇ ಒಂದು ಹೆಜ್ಜೆ ಸರಿದು ಪಕ್ಕದ್ದನ್ನೂ ಕುಟ್ಟಿದ.

"ಇದನ್ನ ಯಾರ್ ಹಾಸ್ಯಾರ್ರಿ ಸಾಹೇಬ್ರ?" ಎಂದ, ಮುಖ ಗಂಟಿಕ್ಕಿಕೊಂಡು. "ಕೆಳಗೆಲ್ಲ ಟೊಳ್ಳದ. ನಾಳೆ ಬಂದು ಕಿತ್ತಿ ಹಾಸ್ತೀನಿ ತಗೋರಿ."