ರೇಟು ನೋಡಿ ಕಳಿಸಿದ ಹಣ

ಒಂದು ಕೇಜಿ ತೊಗರಿಬೇಳೆಗೂ ಅಣ್ಣ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮೂರು ಅಂಗಡಿ ಹತ್ತಿಳಿಯುತ್ತಿದ್ದ. ಮಸ್ಕತ್ತಿನ ಹೋಟೆಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ನನಗೂ ಆ ಬುದ್ಧಿ ಅಂಟಿತ್ತು. ಊರಿಗೆ ಹಣ ಕಳಿಸುವ ಮುನ್ನ ಮೊಬೈಲಿನಲ್ಲಿ ಮೂರು ಆ್ಯಪ್ ತೆರೆದು ಕೂರುತ್ತಿದ್ದೆ. ಒಂದರಲ್ಲಿ ಶುಲ್ಕವೇ ಇಲ್ಲ, ಆದರೆ ರಿಯಾಲಿಗೆ ಸಿಗುವ ರೂಪಾಯಿ ಕಡಿಮೆ. ಇನ್ನೊಂದು ಶುಲ್ಕ ಹಿಡಿದರೂ ಒಳ್ಳೆಯ ರೇಟು ಕೊಡುತ್ತದೆ. ಮತ್ತೊಂದರ ಭಾರಿ ರೇಟು ಮೊದಲ ಸಲ ಕಳಿಸುವವರಿಗೆ ಮಾತ್ರ. ಎಲ್ಲ ಕಳೆದು ಖಾತೆಗೆ ಎಷ್ಟು ಬೀಳುತ್ತದೆ ಎಂಬುದೇ ಲೆಕ್ಕ.

"ಎಷ್ಟು ಸಿಕ್ತು ಮಾರಾಯ?" ಎಂದು ಅಣ್ಣ ಫೋನಿನಲ್ಲಿ ಕೇಳುತ್ತಿದ್ದ. ನಮ್ಮಿಬ್ಬರ ಮಾತು ಬಹುತೇಕ ಅಷ್ಟೇ.

ಅಣ್ಣ ತೀರಿಕೊಂಡ. ಹದಿಮೂರನೇ ದಿನ ಮುಗಿಸಿ ನಾನು ಮಸ್ಕತ್ತಿಗೆ ಮರಳಿದೆ. ಭದ್ರಾವತಿಯ ಕಾಗದನಗರದ ಮನೆಯಲ್ಲಿ ಅತ್ತಿಗೆ ಮೊದಲ ಮಾಸಿಕ ಮಾಡಿಸಬೇಕಿತ್ತು. ಅಣ್ಣ ಹೋದದ್ದನ್ನು ತಿಳಿಸಿದ ಮೇಲೆ ಬ್ಯಾಂಕಿನವರು ಅವನ ಖಾತೆ ತಡೆಹಿಡಿದಿದ್ದರು. ಅಡುಗೆಯವರಿಗೆ, ಪುರೋಹಿತರಿಗೆ ಕೊಡುವ ಹಣ ನಾನು ಕಳಿಸುತ್ತೇನೆ ಎಂದೆ. ಅತ್ತಿಗೆ ತಮ್ಮ ಖಾತೆಯ ಸಂಖ್ಯೆಯನ್ನೂ ಕಳಿಸಿದರು.

ರೇಟು ಏರೀತೆಂದು ಎರಡು ದಿನ ಕಾದೆ. ಏರಿತು. ಎಂಬತ್ತು ರೂಪಾಯಿ ಉಳಿಸಿದ ಹೆಮ್ಮೆಯಲ್ಲಿ, ಆ್ಯಪಿನಲ್ಲಿ ಯಾವಾಗಲೂ ಮೊದಲಿಗೆ ಬರುವ ಹೆಸರನ್ನೇ ಒತ್ತಿದೆ.

ಹಣ 'ಬ್ಯಾಂಕಿನಲ್ಲಿ ಪರಿಶೀಲನೆಯಲ್ಲಿದೆ' ಎಂಬಲ್ಲಿಗೆ ಬಂದು ನಿಂತಿತು. ಮರುದಿನವೂ ಹಾಗೇ ಇತ್ತು.

"ಬ್ಯಾಂಕಿಗೆ ಹೋಗಿ ಬಂದೆ. ನನ್ನ ಖಾತೆಗೆ ಏನೂ ಬಂದಿಲ್ಲಂತೆ," ಎಂದರು ಅತ್ತಿಗೆ. "ಅಡುಗೆಯವ್ರು ನಾಳೆ ಅಡ್ವಾನ್ಸ್ ಕೇಳ್ತಾರೆ. ಕಳಿಸಿದ್ಯ ತಾನೇ?"

"ಕಳಿಸಿದೀನಿ ಅತ್ತಿಗೆ. ಬ್ಯಾಂಕಿನವರದೇ ಏನೋ ಎಡವಟ್ಟು."

ಆ್ಯಪಿನ ಸಹಾಯವಾಣಿಗೆ ಫೋನ್ ಮಾಡಿ, ನನಗೆ ಬರುವ ಹಿಂದಿಯನ್ನೆಲ್ಲ ಖರ್ಚು ಮಾಡಿ ಜಗಳವಾಡಿದೆ. ಆ ಹುಡುಗಿ ವಹಿವಾಟಿನ ಸಂಖ್ಯೆ ಕೇಳಿದಳು. ಸ್ವಲ್ಪ ತಡೆದು, ಹಣ ವಾಪಸು ಬರುತ್ತಿದೆ ಸರ್ ಎಂದಳು. ಕಾರಣ ಕೇಳಿದೆ. ಓದಿದಳು: ಖಾತೆದಾರರು ತೀರಿಕೊಂಡಿದ್ದಾರೆ.

ಅಣ್ಣನ ಹೆಣಕ್ಕೆ ಹೆಗಲು ಕೊಟ್ಟವನು ನಾನು. ಅದನ್ನು ನನಗೆ ಮಸ್ಕತ್ತಿನಲ್ಲಿ ಮತ್ತೊಮ್ಮೆ ಅವಳು ತಿಳಿಸಬೇಕಾಯಿತು. ಜಗಳಕ್ಕೆ ಕ್ಷಮೆ ಕೇಳಿ ಫೋನಿಟ್ಟೆ.

ವಾಪಸಿನ ಹಣ ನನ್ನ ಕೈಸೇರಲು ಇನ್ನೂ ಕೆಲವು ದಿನ ಬೇಕಿತ್ತು. ರೂಮಿನ ಗೆಳೆಯನ ಹತ್ತಿರ ಕೈಗಡ ಪಡೆದು, ಅತ್ತಿಗೆಯ ಹೆಸರು, ಖಾತೆ ಸಂಖ್ಯೆ ಎರಡೆರಡು ಸಲ ಓದಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಅವರ ಫೋನ್ ಬಂತು.

"ಬಂತು ನೋಡು. ಎಷ್ಟು ರೇಟು ಸಿಕ್ತು?"

"ನೋಡಿಲ್ಲ ಅತ್ತಿಗೆ."

"ನೋಡ್ದೆ ಕಳಿಸಿದ್ಯಾ? ನಿಮ್ಮಣ್ಣ ಇದ್ದಿದ್ರೆ ಇವತ್ತು ಊಟ ಬಿಡ್ತಿದ್ರು."

ಆಮೇಲೆ ರಸೀದಿ ತೆರೆದು ನೋಡಿದೆ. ಉಳಿಸಿದ್ದ ಎಂಬತ್ತರ ಎರಡರಷ್ಟು ಹೋಗಿತ್ತು. ಅತ್ತಿಗೆಗೆ ಹೇಳಲಿಲ್ಲ. ಮಾಸಿಕದ ಎಲೆ ಹಾಕುವುದೇ ಅಣ್ಣನಿಗಾಗಿ; ಆ ದಿನ ಅವನು ಊಟ ಬಿಡುವುದು ಬೇಡ.